ವೇಲ್ ಎಷ್ಟು ಉದ್ದ, ಎಷ್ಟು ಅಗಲ? ಹೊದೆಯುವ ರೀತಿ ಮೊದಲು, ಮೀಟರ್ ಆಮೇಲೆ

ಬಟ್ಟೆ ಅಂಗಡಿಯಲ್ಲಿ ವೇಲ್ ಕೇಳಿದರೆ ಯಾವ ಬಣ್ಣ ಅಂತ ಕೇಳುತ್ತಾರೆ. ಕಾಟನ್ನಾ, ಶಿಫಾನಾ ಅಂತ ಕೇಳುತ್ತಾರೆ. ಹೇಗೆ ಹಾಕಿಕೊಳ್ಳುತ್ತೀರಿ ಅಂತ ಕೇಳುವವರು ಕಡಿಮೆ. ಆದರೆ ಉದ್ದ, ಅಗಲ ಎರಡೂ ತೀರ್ಮಾನವಾಗುವುದು ಆ ಪ್ರಶ್ನೆಯಿಂದಲೇ. ಒಂದು ಹೆಗಲ ಮೇಲೆ ನೆರಿಗೆ ಹಿಡಿದು ಬಿಟ್ಟಾಗ ಪಾದದ ಹತ್ತಿರ ಬರುವಷ್ಟು ಉದ್ದವಾದ ವೇಲ್, ಅದನ್ನೇ ದಾವಣಿಯ ಹಾಗೆ ಉಡಲು ಹೋದರೆ ಒಂದು ಮೊಳಕ್ಕೂ ಜಾಸ್ತಿ ಸಾಲದೆ ಬರುತ್ತದೆ.

ಮಂಡ್ಯದಲ್ಲಿ ಹೆಂಗಸರ ಬಟ್ಟೆ ಹೊಲಿಯುವ ನನಗೆ ಮದುವೆ ಸೀಸನ್ನಿನಲ್ಲಿ ಇದು ದಿನಾ ಎದುರಾಗುತ್ತದೆ. ಕುರ್ತಾ, ಲಂಗ ಎಲ್ಲ ಅಳತೆ ಕೊಟ್ಟು ಹೊಲಿಸುತ್ತಾರೆ. ವೇಲ್ ಮಾತ್ರ ಅಳತೆ ಇಲ್ಲದೆ ಬರುತ್ತದೆ. ಪೇಟೆಗೆ ಹೋಗುವ ಮೊದಲು ಮನೆಯಲ್ಲೇ ಅಳತೆ ತೆಗೆದುಕೊಳ್ಳುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಇದಕ್ಕೆ ಬೇಕಾಗುವುದು ಒಂದು ಟೇಪು, ಒಂದು ಉದ್ದನೆಯ ಹುರಿ, ಒಂದೆರಡು ಸೇಫ್ಟಿ ಪಿನ್ನು.

ಅಂಗಡಿಯಲ್ಲಿ ಸಿಗುವುದು ಎಷ್ಟು

ಚೂಡಿದಾರ್ ಮೆಟೀರಿಯಲ್ ಸೆಟ್ಟಿನ ಜೊತೆ ಬರುವ ವೇಲ್ ಹೆಚ್ಚಾಗಿ 2.25 ಮೀಟರ್ ಇರುತ್ತದೆ. ಇಂಚಿನಲ್ಲಿ ಹೇಳುವುದಾದರೆ 88. ಬಿಡಿಯಾಗಿ ಮಾರುವ ವೇಲ್ 2.5 ಮೀಟರ್‌ವರೆಗೂ ಸಿಗುತ್ತದೆ, ಅದು 98 ಇಂಚು. ಅಗಲಕ್ಕೆ ನಮ್ಮ ಕಡೆ ಪನ್ನ ಅನ್ನುತ್ತೇವಲ್ಲ, ಅದು 36ರಿಂದ 44 ಇಂಚಿನವರೆಗೆ ಇರುತ್ತದೆ. ಸ್ಟೋಲ್ ಇದಕ್ಕಿಂತ ಚಿಕ್ಕದು. ಉದ್ದ 70ರಿಂದ 80 ಇಂಚು, ಅಗಲ 20ರಿಂದ 28. ಸ್ಕಾರ್ಫಿನಲ್ಲಿ ಉದ್ದನೆಯ ಪಟ್ಟಿಯಂಥದ್ದೂ ಇದೆ, ಚೌಕದ್ದೂ ಇದೆ.

ಈ ಹೆಸರುಗಳನ್ನು ನಂಬಿ ಕೊಳ್ಳಬೇಡಿ. ಒಂದು ಅಂಗಡಿಯ ದೊಡ್ಡ ಸ್ಟೋಲ್ ಇನ್ನೊಂದು ಅಂಗಡಿಯ ಸಣ್ಣ ವೇಲ್‌ಗೆ ಸಮ ಇರಬಹುದು. ಚೀಟಿಯಲ್ಲಿ ಫ್ರೀ ಸೈಜ್ ಅಂತ ಇದ್ದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ನಿಮ್ಮ ಹತ್ತಿರ ಎರಡು ಸಂಖ್ಯೆ ಇರಬೇಕು, ಅಷ್ಟೇ.

ಹುರಿ ಹಿಡಿದು ಉದ್ದ ಅಳೆಯುವುದು

ಮೊದಲು ಆ ವೇಲ್ ಜೊತೆ ಹಾಕುವ ಡ್ರೆಸ್ಸನ್ನೇ ಹಾಕಿಕೊಳ್ಳಿ. ಹೀಲ್ಸ್ ಹಾಕುವುದಿದ್ದರೆ ಅದನ್ನೂ ಹಾಕಿ, ತುದಿ ಎಲ್ಲಿಗೆ ಬಂದರೆ ಚೆಂದ ಅನ್ನುವುದು ಆಗ ಸರಿಯಾಗಿ ಕಾಣುತ್ತದೆ. ಹುರಿ ಎಳೆದರೆ ಉದ್ದವಾಗದಂಥದ್ದು ಇರಬೇಕು. ಉಣ್ಣೆ ದಾರ, ಎಲಾಸ್ಟಿಕ್ ಬೇಡ.

ಆಮೇಲೆ ಕನ್ನಡಿ ಮುಂದೆ ನಿಂತು, ವೇಲ್ ಹೋಗುವ ದಾರಿಯಲ್ಲೇ ಹುರಿಯನ್ನು ಹೊದಿಸಿ. ಒಂದು ತುದಿ ಎಲ್ಲಿ ನಿಲ್ಲಬೇಕೋ ಅಲ್ಲಿಂದ ಶುರು ಮಾಡಿ, ಹೆಗಲ ಮೇಲೆ ಹತ್ತಿಸಿ, ಇನ್ನೊಂದು ತುದಿ ನಿಲ್ಲಬೇಕಾದ ಜಾಗಕ್ಕೆ ಬಿಡಿ. ಹೆಗಲ ಮೇಲೆ ಪಿನ್ ಹಾಕಿದರೆ ಹುರಿ ಜಾರುವುದಿಲ್ಲ. ಬೆನ್ನ ಕಡೆ ಇನ್ನೊಬ್ಬರು ನೋಡಿ ಹೇಳಿದರೆ ಒಳ್ಳೆಯದು, ಯಾಕೆಂದರೆ ನೀವೇ ತಿರುಗಿ ನೋಡಿದರೆ ಹೆಗಲೂ ತಿರುಗುತ್ತದೆ, ಅಳತೆ ತಪ್ಪುತ್ತದೆ. ಹುರಿಯನ್ನು ಬಿಚ್ಚಿ ನೆಲದ ಮೇಲೆ ಚಾಚಿ ಟೇಪಿನಲ್ಲಿ ಅಳೆಯಿರಿ. ಬಂದ ಅಳತೆಗೆ ಎರಡು ಇಂಚು ಸೇರಿಸಿ. ಪೀಕೋ ಮಾಡಿಸುವಾಗ ಎರಡೂ ತುದಿಯಲ್ಲಿ ಸ್ವಲ್ಪ ಹೋಗುತ್ತದೆ, ಪಿನ್ ಹತ್ತಿರ ಬಟ್ಟೆ ಕೊಂಚ ಮೇಲೆ ಎಳೆದುಕೊಳ್ಳುತ್ತದೆ.

ಇನ್ನು ಮುಂದಿನ ಲೆಕ್ಕಗಳಿಗೆ 5 ಅಡಿ 3 ಇಂಚು ಎತ್ತರದ ಒಬ್ಬ ಹುಡುಗಿಯನ್ನು ಇಟ್ಟುಕೊಳ್ಳೋಣ. ಕತ್ತಿನ ಬುಡದ ಹತ್ತಿರದ ಹೆಗಲಿಂದ ಮಂಡಿಗೆ ಅವಳ ಅಳತೆ ಸುಮಾರು 36 ಇಂಚು. ನಿಮ್ಮ ಅಳತೆ ಬೇರೆ ಇರುತ್ತದೆ, ಲೆಕ್ಕ ಮಾಡುವ ರೀತಿ ಮಾತ್ರ ಒಂದೇ.

ಮುಂದೆ ಎದೆಯ ಮೇಲೆ ಇಳಿಬಿಟ್ಟು ಎರಡೂ ತುದಿಯನ್ನು ಬೆನ್ನಿಗೆ ಹಾಕುವುದು ಎಲ್ಲರೂ ಮಾಡುವಂಥದ್ದು. ಕಾಲೇಜು ಯೂನಿಫಾರ್ಮಿನಲ್ಲಿ ಎರಡೂ ಹೆಗಲಿಗೆ ಪಿನ್ ಹಾಕುವುದೂ ಇದೇ ದಾರಿ. ಒಂದು ಹೆಗಲಿಂದ ಎದೆಯ ಮೇಲೆ ಇಳಿದು ಇನ್ನೊಂದು ಹೆಗಲಿಗೆ ಹತ್ತಲು ಸುಮಾರು 28 ಇಂಚು ಬೇಕು. ಹಿಂದೆ ಎರಡೂ ತುದಿ ತೊಡೆಯವರೆಗೆ ಬರಬೇಕು ಅಂದರೆ ಒಂದೊಂದು ಕಡೆ 32. ಒಟ್ಟು 92, ಪೀಕೋಗೆ ಎರಡು ಸೇರಿ 94. 2.25 ಮೀಟರಿನ ವೇಲ್‌ನಲ್ಲಿ 88 ಇಂಚು ಮಾತ್ರ ಇದೆ. ಹಾಗಾಗಿ ತುದಿಗಳು ಮೂರು ಇಂಚು ಮೇಲೇ ನಿಲ್ಲುತ್ತವೆ. ಅದು ನಿಮಗೆ ಸರಿ ಅನ್ನಿಸಿದರೆ ತೊಂದರೆ ಇಲ್ಲ, ಸೆಟ್ಟಿನ ವೇಲ್ ಸಾಕು.

ಇದೇ ರೀತಿಯಲ್ಲಿ ತುದಿ ಸೊಂಟದ ಕೆಳಗೆ ಬಂದರೆ ಸಾಕು ಅನ್ನುವವರಿಗೆ ಹಿಂದೆ 26 ಇಂಚು ಸಾಕಾಗುತ್ತದೆ. 28ಕ್ಕೆ 52 ಸೇರಿಸಿದರೆ 80. ಅಂದರೆ ದೊಡ್ಡ ಸ್ಟೋಲ್ ಒಂದರಲ್ಲೇ ಕೆಲಸ ಆಗುತ್ತದೆ. ಆಫೀಸಿಗೆ, ಕಾಲೇಜಿಗೆ ಹೋಗುವವರು ಇದನ್ನು ಯೋಚನೆ ಮಾಡಬೇಕು ಅನ್ನಿಸುತ್ತದೆ ನನಗೆ. ಬಸ್ಸಿನಲ್ಲಿ ಕೂತಾಗ ಬೆನ್ನ ಹಿಂದಿನ ಉದ್ದ ತುದಿ ಸೀಟಿಗೂ ನಮಗೂ ನಡುವೆ ಸಿಕ್ಕಿಕೊಂಡು ಕತ್ತು ಎಳೆಯುತ್ತದೆ. 80 ಇಂಚಿನಲ್ಲಿ ಆ ಕಾಟ ಕಡಿಮೆ.

ಒಂದೇ ಹೆಗಲ ಮೇಲೆ ನೆರಿಗೆ ಹಿಡಿದು ಬಿಡುವುದಾದರೆ ಲೆಕ್ಕ ಇನ್ನೂ ಸುಲಭ. ಮುಂದೆ ಮಂಡಿಯವರೆಗೆ 36, ಹಿಂದೆ ಬೆನ್ನಿನ ಬಾಗು ಸೇರಿ 38. ಒಟ್ಟು 74. ಇದಕ್ಕೆ 2.5 ಮೀಟರ್ ತಂದರೆ ಒಂದೊಂದು ಕಡೆಗೆ 49 ಇಂಚು ಬರುತ್ತದೆ, ಅವಳ ಪಾದದ ಗಂಟಿನ ಹತ್ತಿರಕ್ಕೆ. ಮದುವೆಯಲ್ಲಿ ಫೋಟೋಗೆ ನಿಂತಾಗ ಅದು ಚೆಂದವೇ. ಆದರೆ ಚಾಮುಂಡಿ ಬೆಟ್ಟದ ಮೆಟ್ಟಿಲು ಇಳಿಯುವಾಗ ಹಿಂದಿನ ತುದಿಯನ್ನು ಹಿಂದೆ ಬರುವವರು ತುಳಿಯುತ್ತಾರೆ, ಪಿನ್ ಇದ್ದ ಕಡೆ ಕುರ್ತಾ ಹರಿಯುತ್ತದೆ. ಓಡಾಟ ಇರುವ ಕಡೆಗೆ 2.25 ಮೀಟರೇ ಜಾಸ್ತಿ.

ಅಗಲದ ಲೆಕ್ಕ ನೆರಿಗೆಯಲ್ಲಿದೆ

ಉದ್ದ ತಪ್ಪಿದರೆ ತಕ್ಷಣ ಕಾಣುತ್ತದೆ. ಅಗಲ ತಪ್ಪಿದರೆ ಏನೋ ಸರಿ ಇಲ್ಲ ಅನ್ನಿಸುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ಹೆಗಲು ದಪ್ಪ ಕಾಣುತ್ತದೆ, ಪಿನ್ ಬಾಗುತ್ತದೆ, ನೆರಿಗೆ ಒಂದರ ಮೇಲೊಂದು ನಿಲ್ಲದೆ ಬೀಸಣಿಗೆಯ ಹಾಗೆ ಅಗಲಿಕೊಳ್ಳುತ್ತದೆ.

ಕಾರಣ ಪದರಗಳ ಎಣಿಕೆ. ಪನ್ನವನ್ನು ನೆರಿಗೆಯ ಅಗಲದಿಂದ ಭಾಗಿಸಿ ನೋಡಿ. 36 ಇಂಚಿನ ವೇಲ್‌ಗೆ 4 ಇಂಚಿನ ನೆರಿಗೆ ಹಿಡಿದರೆ ಹೆಗಲ ಮೇಲೆ 9 ಪದರ ಕೂರುತ್ತದೆ. ಪನ್ನ 44 ಇದ್ದರೆ 11 ಪದರ. ಶಿಫಾನ್, ಜಾರ್ಜೆಟ್, ತೆಳು ಕ್ರೇಪ್ ಆದರೆ 11 ಪದರವೂ ಚಪ್ಪಟೆಯಾಗಿ ಕೂರುತ್ತದೆ. ದಪ್ಪ ಕಾಟನ್, ಜರಿ ತುಂಬಿದ ಬನಾರಸಿ, ಕನ್ನಡಿ ಕೆಲಸದ ವೇಲ್ ಆದರೆ 9 ಪದರವೇ ದಿಂಬಿನಷ್ಟಾಗುತ್ತದೆ. ಅಂಥ ಬಟ್ಟೆ ಬೇಕೇ ಬೇಕು ಅಂದರೆ ಪನ್ನ 36ಕ್ಕಿಂತ ಜಾಸ್ತಿ ಇರದಂಥದ್ದು ಆರಿಸಿ, ನೆರಿಗೆಯನ್ನು 6 ಇಂಚಿಗೆ ಹಿಡಿಯಿರಿ. ಆಗ ಆರೇ ಪದರ. ಆದರೆ ಹೆಗಲು ಸಣ್ಣ ಇರುವವರಿಗೆ 6 ಇಂಚಿನ ನೆರಿಗೆ ತೋಳಿನ ಮೇಲೆ ಜಾರಿ ಹೋಗುತ್ತದೆ. ಕತ್ತಿನ ಬುಡದಿಂದ ತೋಳಿನ ಹೊಲಿಗೆವರೆಗೆ ಅಳೆದು ನೋಡಿ, ನೆರಿಗೆ ಅದಕ್ಕಿಂತ ಅಗಲ ಇರಬಾರದು. ಆ ಅಳತೆ 5 ಇಂಚು ಇದ್ದವರು ದಪ್ಪ ವೇಲ್ ಅನ್ನು ಒಂದು ಹೆಗಲಿಗೆ ನೆರಿಗೆ ಹಿಡಿಯುವ ಆಸೆ ಬಿಟ್ಟು, ಬಿಡಿಸಿ ಹಾಕಿಕೊಳ್ಳುವುದೇ ಚೆಂದ.

ಎದೆಯ ಮೇಲೆ ಇಳಿಬಿಡುವವರಿಗೆ ಅಗಲದ ಲೆಕ್ಕ ಬೇರೆ. ಅಲ್ಲಿ ವೇಲ್ ಅನ್ನು ಮೂರು ಮಡಿಕೆ ಮಾಡಿ ಹಾಕುತ್ತೇವೆ. 36 ಇಂಚನ್ನು ಮೂರು ಮಾಡಿದರೆ 12 ಇಂಚಿನ ಪಟ್ಟಿ ಸಿಗುತ್ತದೆ. ಎದೆ ಪೂರ್ತಿ ಮುಚ್ಚಲು ಅಷ್ಟು ಸಾಕು. 26 ಇಂಚಿನ ಸ್ಟೋಲ್ ಅನ್ನು ಎರಡೇ ಮಡಿಕೆ ಮಾಡಿದರೆ 13 ಇಂಚು ಸಿಗುತ್ತದೆ. ಅಂದರೆ ಮುಚ್ಚುವುದರಲ್ಲಿ ಸ್ಟೋಲ್ ವೇಲ್‌ಗಿಂತ ಹಿಂದೆ ಬೀಳುವುದಿಲ್ಲ, ಒಂದು ಪದರ ಕಡಿಮೆ ಇರುವುದರಿಂದ ಬಿಸಿಲಿಗೆ ಹಗುರವೂ ಹೌದು. ಆದರೆ ತೆಳು ಬಟ್ಟೆಯಾದರೆ ಎರಡು ಪದರದಲ್ಲಿ ಒಳಗಿನದು ಕಾಣುತ್ತದೆ. ಬೆಳಕಿಗೆ ಹಿಡಿದು ಕೈ ಒಳಗಿಟ್ಟು ನೋಡಿ.

ಬಟ್ಟೆಯ ಗುಣವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆರ್ಗಂಜಾ, ಕೋಟಾ, ಗಂಜಿ ಹಾಕಿದ ಕಾಟನ್ ಇವೆಲ್ಲ ನೆಟ್ಟಗೆ ನಿಲ್ಲುವ ಬಟ್ಟೆಗಳು. ಅವು ಮೈಗೆ ಅಂಟಿ ಇಳಿಯುವುದಿಲ್ಲ, ಹೊರಗೆ ಉಬ್ಬುತ್ತವೆ. ಇವನ್ನು ಅಗಲ ಜಾಸ್ತಿ ತೆಗೆದುಕೊಂಡಷ್ಟೂ ಕುಳ್ಳಗೆ ಕಾಣುತ್ತೇವೆ. ಇಳಿಬಿದ್ದು ಕೂರುವ ಶಿಫಾನ್, ಕ್ರೇಪ್‌ಗಳಲ್ಲಿ ಅಗಲ ಎಷ್ಟಿದ್ದರೂ ನಡೆಯುತ್ತದೆ.

ದಾವಣಿಯ ಹಾಗೆ ಉಡುವುದಾದರೆ: ಒಂದು ಪೂರ್ತಿ ಲೆಕ್ಕ

ಜಾಸ್ತಿ ಜನ ಎಡವುವುದು ಇಲ್ಲಿ. ಮದುವೆ, ಆರತಕ್ಷತೆಗೆ ರೇಷ್ಮೆ ಲಂಗ ಹೊಲಿಸಿ, ಅದರ ಮೇಲೆ ವೇಲ್ ಅನ್ನೇ ದಾವಣಿ ಮಾಡಿಕೊಳ್ಳೋಣ ಅಂತ ಬರುತ್ತಾರೆ. ಒಬ್ಬ ಅಮ್ಮ, ಮಗಳು ಹೀಗೆ ಬಂದಿದ್ದರು. ಮಗಳ ಎತ್ತರ ಮೇಲೆ ಹೇಳಿದಷ್ಟೇ, 5 ಅಡಿ 3 ಇಂಚು. ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ಹುಡುಕಿ 2.5 ಮೀಟರಿನ ವೇಲ್ ತಂದಿದ್ದರು. "ದೊಡ್ಡದೇ ತಂದಿದ್ದೀವಿ ಅಕ್ಕ, ಸುಮ್ನೆ ಪೀಕೋ ಮಾಡ್ಕೊಡಿ ಸಾಕು" ಅಂದರು ಅಮ್ಮ. ಮೊದಲು ಹುರಿ ಹಾಕಿ ನೋಡೋಣ ಅಂದೆ.

ದಾವಣಿಯ ದಾರಿ ಹೀಗಿದೆ. ಒಂದು ತುದಿಯನ್ನು ಸೊಂಟದ ಮುಂಭಾಗದಲ್ಲಿ ಲಂಗಕ್ಕೆ ಸಿಕ್ಕಿಸಬೇಕು. ಅಲ್ಲಿಂದ ಎಡಗಡೆಗೆ ಹೋಗಿ, ಬೆನ್ನ ಹಿಂದೆ ಸುತ್ತಿ, ಬಲಗೈ ಕೆಳಗೆ ಮುಂದಕ್ಕೆ ಬರಬೇಕು. ಲಂಗದ ಮೇಲೆ ಅಳೆದಾಗ ಇದು 29 ಇಂಚು ಬಂತು. ಬಲ ಸೊಂಟದಿಂದ ಎದೆಯ ಮೇಲೆ ಓರೆಯಾಗಿ ಎಡ ಹೆಗಲಿಗೆ 24. ಹೆಗಲಿಂದ ಹಿಂದೆ ಸೆರಗು ಮಂಡಿ ಮುಟ್ಟುವಂತೆ 38. ಕೂಡಿದರೆ 91 ಇಂಚು.

ಇಲ್ಲಿಗೆ ನಿಲ್ಲಿಸಿದರೆ 98 ಇಂಚಿನ ವೇಲ್ ಸಾಕು ಅನ್ನಿಸುತ್ತದೆ, ಅಲ್ವಾ? ಆದರೆ ಆ ಹುಡುಗಿಗೆ ಮುಂದೆ ಮೂರು ನೆರಿಗೆ ಬೇಕಿತ್ತು. ಸೊಂಟದಲ್ಲಿ ಹಿಡಿಯುವ 4 ಇಂಚಿನ ಒಂದು ನೆರಿಗೆ ಉದ್ದದಲ್ಲಿ 8 ಇಂಚು ನುಂಗುತ್ತದೆ, ಹೋಗುವಾಗ ನಾಲ್ಕು, ಮರಳುವಾಗ ನಾಲ್ಕು. ಮೂರಕ್ಕೆ 24. ಒಳಗೆ ಸಿಕ್ಕಿಸಲು 4, ಪೀಕೋಗೆ 2. ಎಲ್ಲ ಸೇರಿ 121 ಇಂಚು, ಅಂದರೆ ಸುಮಾರು 3.1 ಮೀಟರ್. ತಂದಿದ್ದ ವೇಲ್ 23 ಇಂಚು ಕಡಿಮೆ.

ಅದೇ ವೇಲ್‌ನಲ್ಲೂ ದಾವಣಿ ಉಡಬಹುದಿತ್ತು. ನೆರಿಗೆ ಬಿಟ್ಟರೆ 97 ಇಂಚು ಬೇಕು, ಇರುವುದು 98. ಆದರೆ ಒಂದು ಇಂಚಿನ ಸಡಿಲ ಸಡಿಲವೇ ಅಲ್ಲ. ಕೂತು ಎದ್ದಾಗ, ಊಟಕ್ಕೆ ಬಾಗಿದಾಗ ಸೊಂಟದಲ್ಲಿ ಸಿಕ್ಕಿಸಿದ್ದು ಕಿತ್ತುಕೊಳ್ಳುತ್ತದೆ. ಸೆರಗನ್ನು ಆರು ಇಂಚು ಮೇಲೆ ಮಾಡಿಕೊಂಡರೆ ಸರಿಹೋಗುತ್ತದೆ. ಹುಡುಗಿಗೆ ಅದು ಒಪ್ಪಿಗೆಯಾಗಲಿಲ್ಲ.

ಇಂಥ ಸಂದರ್ಭದಲ್ಲಿ ಎರಡು ದಾರಿ ಇದೆ. ಮೊದಲನೆಯದು, ರೆಡಿ ವೇಲ್ ಬಿಟ್ಟು ಮ್ಯಾಚಿಂಗ್ ಸೆಂಟರ್‌ನಲ್ಲಿ ತಾನಿನಿಂದ 44 ಇಂಚಿನ ಪನ್ನದ ಶಿಫಾನನ್ನೋ ಜಾರ್ಜೆಟ್ಟನ್ನೋ 3.25 ಮೀಟರ್ ಕತ್ತರಿಸಿಕೊಂಡು, ಅಂಚಿಗೆ ಲೇಸ್ ಹೊಲಿಸುವುದು. ಖರ್ಚು ಕಡಿಮೆ, ಬಣ್ಣವೂ ಲಂಗಕ್ಕೆ ಹಚ್ಚಿ ನೋಡಿ ಆರಿಸಬಹುದು.

ಎರಡನೆಯದು ಅವರು ಆರಿಸಿಕೊಂಡದ್ದು. ಮನೆಯಲ್ಲಿ ಅಜ್ಜಿಯ ಹಳೆಯ ಮೈಸೂರು ಸಿಲ್ಕ್ ಸೀರೆ ಇತ್ತು. ಬ್ಲೌಸ್ ಪೀಸ್ ಮೊದಲೇ ತೆಗೆದಿದ್ದ ಸೀರೆ. ಅಳೆದರೆ 5.5 ಮೀಟರ್ ಇತ್ತು, ಪನ್ನ 45. ಸೆರಗಿನ ಕಡೆಯಿಂದ 3.1 ಮೀಟರ್ ಅಳೆದು ಕತ್ತರಿಸಿದರೆ ದಾವಣಿಗೆ ಜರಿ ಸೆರಗು ಸಮೇತ ಸಿಗುತ್ತದೆ. ಉಳಿದ 2.4 ಮೀಟರ್ ಅಂದರೆ 94 ಇಂಚು. ಮೇಲೆ ಲೆಕ್ಕ ಹಾಕಿದ ಇಳಿಬಿಡುವ ವೇಲ್‌ಗೆ ಬೇಕಾದಷ್ಟೇ ಅದು. ಒಂದು ಸೀರೆಯಿಂದ ಮಗಳಿಗೆ ದಾವಣಿ, ಅಮ್ಮನಿಗೆ ವೇಲ್ ಎರಡೂ ಆಯಿತು.

ಹೀಗೆ ಸೀರೆ ಕತ್ತರಿಸುವ ಮೊದಲು ಮೂರು ವಿಷಯ ನೋಡಿಕೊಳ್ಳಬೇಕು. ಸೀರೆಯನ್ನು ಪೂರ್ತಿ ಬಿಡಿಸಿ ಬೆಳಕಿಗೆ ಹಿಡಿಯಿರಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟ ಸೀರೆಯ ಜರಿ ಮಡಿಕೆಯ ಗೆರೆಯಲ್ಲೇ ಸೀಳಿರುತ್ತದೆ. ಆ ಗೆರೆ ಹೆಗಲ ಮೇಲೆ, ಪಿನ್ ಚುಚ್ಚುವ ಕಡೆ ಬರುವಂತಿದ್ದರೆ ಕತ್ತರಿಸುವ ಜಾಗವನ್ನು ಸ್ವಲ್ಪ ಆಚೀಚೆ ಮಾಡಬೇಕು. ಇನ್ನೊಂದು, ಅಗಲವನ್ನು ಕಡಿಮೆ ಮಾಡಲು ಹೋಗಬೇಡಿ. ಎರಡೂ ಕಡೆ ಜರಿ ಅಂಚು ಇರುತ್ತದೆ, ಒಂದು ಕಡೆ ಕತ್ತರಿಸಿದರೆ ಆ ಅಂಚು ಹೋಗುತ್ತದೆ. 45 ಇಂಚಿನ ಪನ್ನವನ್ನು 5 ಇಂಚಿನ ನೆರಿಗೆ ಹಿಡಿದರೆ 9 ಪದರ, ಮೈಸೂರು ಸಿಲ್ಕಿನ ಈ ಕ್ರೇಪ್ ತೆಳ್ಳಗಿರುವುದರಿಂದ ಸರಿಯಾಗಿ ಕೂರುತ್ತದೆ. ಮೂರನೆಯದು, ನೀರಿಗೆ ಹಾಕಬೇಡಿ. ಕ್ರೇಪ್ ನೂಲನ್ನು ಬಿಗಿಯಾಗಿ ಹುರಿ ಮಾಡಿರುತ್ತಾರೆ, ನೀರು ಬಿದ್ದರೆ ಅದು ಎಳೆದುಕೊಂಡು ಬಟ್ಟೆ ಕುಗ್ಗುತ್ತದೆ. ಡ್ರೈಕ್ಲೀನ್ ಮಾಡಿಸಿದ ಮೇಲೆಯೇ ಅಳೆದು ಕತ್ತರಿಸಿ.

ಸ್ಕಾರ್ಫ್ ಬಗ್ಗೆ ಇಷ್ಟು ಸಾಕು

ಚೌಕದ ಸ್ಕಾರ್ಫಿನಲ್ಲಿ ನೋಡಬೇಕಾದ್ದು ಬದಿಯ ಅಳತೆಯಲ್ಲ, ಮೂಲೆಯಿಂದ ಮೂಲೆಗೆ ಎಷ್ಟಿದೆ ಅನ್ನುವುದು. ಬದಿಯನ್ನು 1.4ರಿಂದ ಗುಣಿಸಿದರೆ ಅದು ಸಿಗುತ್ತದೆ. 36 ಇಂಚಿನ ಚೌಕವನ್ನು ತ್ರಿಕೋನವಾಗಿ ಮಡಿಸಿದರೆ ಉದ್ದ ಸುಮಾರು 50 ಇಂಚು. ಕತ್ತಿಗೆ ಒಂದು ಸುತ್ತು ಹಾಕಿ ಗಂಟು ಬಿಗಿಯಲು ಧಾರಾಳ. 22 ಇಂಚಿನ ಚಿಕ್ಕ ಚೌಕ 31 ಇಂಚೇ ಬರುತ್ತದೆ. ಕತ್ತಿಗೆ ಒಂದು ಸುತ್ತು, ಒಂದು ಸಣ್ಣ ಗಂಟು, ಅಷ್ಟಕ್ಕೇ ಸರಿ. ಸ್ಕೂಟರಿನಲ್ಲಿ ಧೂಳಿಗೆ ತಲೆ, ಮುಖ ಎರಡನ್ನೂ ಸುತ್ತಿಕೊಳ್ಳುವವರು ಚೌಕ ಬಿಟ್ಟು 70 ಇಂಚಿನ ಕಾಟನ್ ಸ್ಟೋಲ್ ತೆಗೆದುಕೊಳ್ಳಿ. ದಪ್ಪನೆಯದು ಬೇಡ, ಹೆಲ್ಮೆಟ್ ಒಳಗೆ ಗಂಟು ಒತ್ತುತ್ತದೆ, ಪಟ್ಟಿ ಸರಿಯಾಗಿ ಬಿಗಿಯುವುದಿಲ್ಲ.

ಅಂಗಡಿಯಲ್ಲಿ, ಮತ್ತು ತಂದ ಮೇಲೆ

ಅಳತೆ ಬರೆದ ಚೀಟಿ ಜೊತೆ ಟೇಪನ್ನೂ ತೆಗೆದುಕೊಂಡು ಹೋಗಿ. ವೇಲ್ ಅನ್ನು ಪೂರ್ತಿ ಬಿಡಿಸಲು ಹೇಳಿ, ಮಡಿಕೆಯಲ್ಲೇ ಅಳೆದು ಗುಣಿಸಬೇಡಿ. ಕುಚ್ಚು ಇದ್ದರೆ ಅದನ್ನು ಬಿಟ್ಟು ಅಳೆಯಿರಿ. ಆನ್‌ಲೈನಿನಲ್ಲಿ ತರಿಸುವಾಗಲೂ ಕುಚ್ಚು ಸೇರಿಸಿ ಹೇಳಿದ ಉದ್ದವೋ ಬಿಟ್ಟು ಹೇಳಿದ್ದೋ ಅಂತ ನೋಡಿ. ಎರಡೂ ಕಡೆ ಮೂರು ಇಂಚಿನ ಕುಚ್ಚು ಇದ್ದರೆ ಅಲ್ಲೇ ಆರು ಇಂಚು ವ್ಯತ್ಯಾಸ ಬರುತ್ತದೆ.

ಕಾಟನ್ ವೇಲ್ ಅಳತೆಗೆ ಸರಿಯಾಗಿದ್ದರೆ ಅದು ಚಿಕ್ಕದು ಅಂತಲೇ ತಿಳಿದುಕೊಳ್ಳಿ. ಮೊದಲ ಒಗೆತದಲ್ಲಿ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗಬಹುದು. 2.5 ಮೀಟರಿನಲ್ಲಿ ಅದು ಮೂರರಿಂದ ಐದು ಇಂಚು. ತಾನಿನಿಂದ ಕತ್ತರಿಸಿ ತಂದದ್ದಾದರೆ ಮೊದಲು ತಣ್ಣೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಪೀಕೋಗೆ ಕೊಡಿ. ಲೇಸ್ ಹಾಕಿಸುವುದಿದ್ದರೆ ಲೇಸನ್ನೂ ನೆನೆಸಬೇಕು. ಬಟ್ಟೆ ಕುಗ್ಗಿ ಲೇಸ್ ಹಾಗೇ ಉಳಿದರೆ ಅಂಚೆಲ್ಲ ಅಲೆ ಅಲೆಯಾಗಿ ಎದ್ದು ನಿಲ್ಲುತ್ತದೆ, ಎಷ್ಟು ಇಸ್ತ್ರಿ ಮಾಡಿದರೂ ಕೂರುವುದಿಲ್ಲ.

ತಂದ ವೇಲ್ ಉದ್ದವಾಯಿತು ಅನ್ನಿಸಿದರೆ ತಕ್ಷಣ ಕತ್ತರಿಸಬೇಡಿ. ಪಿನ್ ಜಾಗವನ್ನು ಬದಲಾಯಿಸಿ ನೋಡಿ. ಒಂದು ಹೆಗಲಿಗೆ ಹಾಕುವವರು ಹಿಂದಿನ ತುದಿಯನ್ನು ಮಂಡಿಗೆ ಇಟ್ಟು, ಮುಂದೆ ಉಳಿದದ್ದನ್ನು ಸೊಂಟದಲ್ಲಿ ಸಿಕ್ಕಿಸಿಕೊಳ್ಳಬಹುದು, ಇಲ್ಲವೇ ಮೊಣಕೈ ಮೇಲೆ ಹಾಕಿಕೊಳ್ಳಬಹುದು.

ಸ್ಕೂಟರ್ ಓಡಿಸುವವರು, ಹಿಂದೆ ಕೂರುವವರು ಮಾತ್ರ ಈ ಯಾವ ಲೆಕ್ಕವನ್ನೂ ದಾರಿಯಲ್ಲಿ ಇಟ್ಟುಕೊಳ್ಳಬಾರದು. ಕೂತಾಗ ಸೊಂಟದಿಂದ ಕೆಳಗೆ ಇಳಿಯುವ ತುದಿ ಗಾಳಿಗೆ ಹಾರಿ ಚಕ್ರಕ್ಕೆ ಸುತ್ತಿಕೊಂಡರೆ ಕತ್ತಿಗೇ ಅಪಾಯ. ಎರಡೂ ತುದಿಯನ್ನು ಬೆನ್ನಿನ ಮೇಲೆ ಅಡ್ಡ ಹಾಯಿಸಿ ಮುಂದೆ ತಂದು ಸೊಂಟಕ್ಕೆ ಗಂಟು ಹಾಕಿ, ಗಂಟಿನ ತುದಿಗಳನ್ನು ಒಳಗೆ ಸೇರಿಸಿ. ಇಲ್ಲವೇ ವೇಲ್ ತೆಗೆದು ಬ್ಯಾಗಿನಲ್ಲಿಟ್ಟುಕೊಂಡು, ಛತ್ರದ ಬಾಗಿಲಲ್ಲಿ ಇಳಿದ ಮೇಲೆ ಹಾಕಿಕೊಳ್ಳಿ.